ಎಕ್ಸೆಲ್ ಕೆಲಸದ ಕರೆಗಳು ಕಡಿಮೆಯಾಗಿದ್ದು ಹೀಗೆ

ಮೂರು ವರ್ಷದಿಂದ ನಾನು ಡೇಟಾ ಎಂಜಿನಿಯರ್. ಆದರೂ ಲಿಂಕ್ಡ್‌ಇನ್‌ನಲ್ಲಿ ಬರುತ್ತಿದ್ದ ಮೆಸೇಜೆಲ್ಲ ಎಕ್ಸೆಲ್‌ನಲ್ಲಿ ಮಾಡುವ ಎಂಐಎಸ್ ರಿಪೋರ್ಟ್ ಕೆಲಸಕ್ಕೇ. ಒಂದು ದಿನ ಪ್ರೊಫೈಲನ್ನು ಬೇರೆಯವರ ಕಣ್ಣಲ್ಲಿ ನೋಡಿದೆ. ಸ್ಕಿಲ್ಸ್ ಪಟ್ಟಿಯ ಮೊದಲಲ್ಲೇ ಎಕ್ಸೆಲ್, 38 ಎಂಡಾರ್ಸ್‌ಮೆಂಟ್, ಅಂದರೆ 'ಇವರಿಗೆ ಇದು ಬರುತ್ತೆ' ಅನ್ನುವ ಅನುಮೋದನೆ. ಹೆಚ್ಚಿನವು ಹಳೇ ಆಫೀಸಿನವರದ್ದು. ಕಣ್ಣಿಗೆ ಬೀಳುವುದು ಅದೇ ಆದ್ದರಿಂದ ಹೊಸಬರೂ ಅದಕ್ಕೇ ಒತ್ತುತ್ತಿದ್ದರು.

ಇನ್ನೊಂದು ಎಡವಟ್ಟೂ ಇತ್ತು. 'ಬಿಗ್ ಡೇಟಾ ಕೆಲಸಗಳು' ಅಂತ ನನ್ನದೇ ಮಾತಲ್ಲಿ ಬರೆದಿದ್ದೆ. ರಿಕ್ರೂಟರ್ ಹುಡುಕುವುದು Apache Spark, Airflow ಅಂತ ಟೂಲ್‌ಗಳ ಹೆಸರಲ್ಲಿ. ನನ್ನ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ!

ಡೇಟಾ ಎಂಜಿನಿಯರ್ ಕೆಲಸದ ಹತ್ತು ಜಾಹೀರಾತು ತೆಗೆದು, ಮತ್ತೆ ಮತ್ತೆ ಬಂದ ಹೆಸರು ಗುರುತು ಹಾಕಿಕೊಂಡೆ. ನಾನು ನಿಜಕ್ಕೂ ಮಾಡಿರುವುದನ್ನಷ್ಟೇ ಸೇರಿಸಿದೆ. ಟೈಪ್ ಮಾಡುವಾಗ ಕೆಳಗೆ ಇಳಿಯುವ ಪಟ್ಟಿಯಿಂದಲೇ ಆರಿಸಿದೆ. ಆಮೇಲೆ Reorder ಒತ್ತಿ Spark, Airflow, SQL ಮೇಲಕ್ಕೆ ಎಳೆದೆ. ಪ್ರತಿಯೊಂದನ್ನೂ ಅದನ್ನು ಬಳಸಿದ ಕೆಲಸಕ್ಕೆ ಜೋಡಿಸಿದೆ. ಎಕ್ಸೆಲ್ ಅಳಿಸಿದೆ. 38 ಹೋಯ್ತಲ್ಲ ಅಂತ ಹೊಟ್ಟೆ ಉರಿಯಿತು, ಸುಳ್ಳು ಯಾಕೆ.

ಜೊತೆಯಲ್ಲಿ ಡೇಟಾ ಪೈಪ್‌ಲೈನ್ ಕಟ್ಟಿದ ನಾಲ್ವರಿಗೆ ಮಾತ್ರ ಕೇಳಿದೆ: "Sparkಗೆ ಒಂದು ಎಂಡಾರ್ಸ್ ಮಾಡ್ತೀರಾ?" ಎರಡು ತಿಂಗಳಲ್ಲಿ ಬಂದ ಐದು ಮೆಸೇಜಲ್ಲಿ ನಾಲ್ಕು ಡೇಟಾ ಎಂಜಿನಿಯರಿಂಗ್‌ನವು. ಐದನೆಯದು ಮತ್ತದೇ ಎಂಐಎಸ್. ಹಳೇ ಹುದ್ದೆಯ ಹೆಸರು ಇನ್ನೂ ಅಲ್ಲೇ ಇದೆ, ಅಲ್ವಾ?