ಮನೆಯ ಮೇಲಂಚಿಗೂ ಕಾಂಪೌಂಡಿಗೂ ದೀಪದ ಗೆರೆ: ಅಂತರ ಮತ್ತು ಆಧಾರ

ಮೊದಲ ಸಲ ಪ್ಯಾರಪೆಟ್ ಗೋಡೆಗೆ ಎಲ್‌ಇಡಿ ಸರ ಕಟ್ಟಿದಾಗ, ನಾನು ಎರಡು ಮೂಲೆಗಳಲ್ಲಿ ಮೊಳೆ ಹೊಡೆದು, ಸರದ ವೈರನ್ನೇ ಎಳೆದು ಬಿಗಿಗೊಳಿಸಿದ್ದೆ. ಕೆಲವೇ ದಿನಗಳಲ್ಲಿ ಸರ ನಡುವೆ ಜೋತುಬಿತ್ತು; ಗಾಳಿಗೆ ಮೊಳೆಯ ತಲೆಗೆ ಉಜ್ಜಿ ಉಜ್ಜಿ ವೈರಿನ ಹೊದಿಕೆ ಹರಿದು ತಾಮ್ರ ಕಾಣಿಸಿತು. ಭಾರ ಹೊರುವ ಕೆಲಸವನ್ನು ವಿದ್ಯುತ್ ವೈರಿಗೆ ಒಪ್ಪಿಸಬಾರದೆಂದು ನನಗೆ ಆಗ ಸ್ಪಷ್ಟವಾಯಿತು.

ಆದ್ದರಿಂದ ಮುಂದಿನ ಬಾರಿ ಮೊದಲು ಆಧಾರದ ತಂತಿಯನ್ನು ಕಟ್ಟಿದೆ. ಬಟ್ಟೆ ಒಣಗಿಸಲು ಬಳಸುವ, ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಆರಿಸಿಕೊಂಡೆ. ಬರಿಯ ಕಬ್ಬಿಣದ ತಂತಿಯಾದರೆ, ಸರದ ಹೊದಿಕೆ ಎಲ್ಲಾದರೂ ಹರಿದಾಗ ಇಡೀ ತಂತಿಯಲ್ಲಿ ಕರೆಂಟ್ ಹರಿಯುವ ಅಪಾಯವಿರುತ್ತದೆ. ಪ್ಯಾರಪೆಟ್ಟಿನ ಒಳಮೈಗೆ ಪ್ರತಿ 1 ಮೀಟರಿಗೊಂದರಂತೆ ತೂತಿರುವ ಪಟ್ಟಿಗಳನ್ನು ಪ್ಲಗ್ ಮತ್ತು ಸ್ಕ್ರೂ ಹಾಕಿ ನಿಲ್ಲಿಸಿ, ಅಂಚಿನಿಂದ ಸ್ವಲ್ಪವೇ ಮೇಲೆ ಏಳುವ ಅವುಗಳ ತುದಿಯ ತೂತಿನಲ್ಲಿ ತಂತಿಯನ್ನು ತೂರಿಸಿದೆ. ಒಳಮೈಯನ್ನೇ ಆರಿಸಲು ಎರಡು ಕಾರಣಗಳಿದ್ದವು: ತಾರಸಿಯ ಮೇಲೆ ನಿಂತೇ ಕೆಲಸ ಮಾಡಬಹುದು, ಹೊರಗೆ ಬಾಗಬೇಕಾಗಿಲ್ಲ; ಎರಡನೆಯದಾಗಿ, ಗೋಡೆಯ ನೆತ್ತಿಯಲ್ಲಿ ತೂತು ಕೊರೆದರೆ ಮಳೆನೀರು ಅದರಲ್ಲಿ ಇಳಿದು ಗಿಲಾವನ್ನು ಬಿಡಿಸುತ್ತದೆ. ಬಳಿಕ ಸರವನ್ನು ಪ್ರತಿ ಬಲ್ಬಿನ ಪಕ್ಕದಲ್ಲಿ ಕಪ್ಪು ಕೇಬಲ್ ಟೈಯಿಂದ, ವೈರು ಹಿಸುಕಿಕೊಳ್ಳದಷ್ಟು ಸಡಿಲವಾಗಿ, ಆ ತಂತಿಗೆ ಕಟ್ಟಿದೆ.

ಅಂತರದ ಲೆಕ್ಕವನ್ನು ನಾನು ನೋಡುವವರು ನಿಲ್ಲುವ ಜಾಗದಿಂದ ಆರಂಭಿಸಿದೆ. ಅಲ್ಲಿಂದ ಕಾಂಪೌಂಡ್ 6 ಮೀಟರ್, ಮೇಲಂಚು ಸುಮಾರು 12 ಮೀಟರ್ ದೂರದಲ್ಲಿತ್ತು. ಹತ್ತಿರದ ಬಲ್ಬುಗಳು ಬಿಡಿಬಿಡಿಯಾಗಿ ಕಾಣುವುದರಿಂದ, ಮೇಲೆ 30 ಸೆಂ.ಮೀ. ಅಂತರದ ಸರವನ್ನೂ ಕೆಳಗೆ 15 ಸೆಂ.ಮೀ. ಅಂತರದ ಸರವನ್ನೂ ಹಾಕಿದೆ. ಆಗ ಎರಡು ಗೆರೆಗಳೂ ಒಂದೇ ದಟ್ಟಣೆಯಲ್ಲಿ ಕಂಡವು. ಮುಂಭಾಗದ ಉದ್ದ 9.2 ಮೀಟರ್ ಇತ್ತು. 31 ಅಂತರಗಳಿಗೆ 9.3 ಮೀಟರ್ ವೈರು ಬೇಕು. ಹೆಚ್ಚಾದ 10 ಸೆಂ.ಮೀ. ಅನ್ನು ಪ್ರತಿ ಅಂತರಕ್ಕೆ 3 ಮಿ.ಮೀ.ನಂತೆ ಸಡಿಲ ಬಿಟ್ಟಾಗ, 32 ಬಲ್ಬುಗಳಲ್ಲಿ ಮೊದಲನೆಯದೂ ಕೊನೆಯದೂ ಸರಿಯಾಗಿ ಮೂಲೆಗಳಲ್ಲೇ ಕುಳಿತವು. ಮೂಲೆಯಲ್ಲಿ ಬಲ್ಬು ತಪ್ಪಿದರೆ ಮನೆಯ ಆಕಾರವೇ ಮೊಂಡಾಗಿ ಕಾಣುತ್ತದೆ.

ಕಾಂಪೌಂಡಿನಲ್ಲಿ ಗೇಟೇ ಕಷ್ಟದ ಜಾಗ. ಬಾಗಿಲಿನ ಮೇಲೆ ಹಾಯುವ ವೈರು ತೆರೆದು ಮುಚ್ಚುವಾಗ ಬಾಗಿ ಬಾಗಿ ಮುರಿಯುತ್ತದೆ. ಹಾಗಾಗಿ ಎರಡೂ ಕಂಬಗಳಲ್ಲಿ ಸರವನ್ನು ನಿಲ್ಲಿಸಿ, ಎರಡು ಬದಿಗಳಿಗೂ ಮನೆಯಿಂದಲೇ ಬೇರೆ ಬೇರೆ ಸಂಪರ್ಕ ಕೊಟ್ಟೆ. ಗೋಡೆ ಕೈಗೆಟಕುವ ಎತ್ತರದಲ್ಲಿದ್ದುದರಿಂದ, ಎಲ್ಲ ಸರಗಳನ್ನೂ, ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚಿನ ಮೂಲಕವೇ ತಂದು, ದೀಪ ಹಚ್ಚುವ ಮುನ್ನ ಅದರ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಿದೆ. ಜೋಡಣೆಗಳನ್ನು ಸಜ್ಜಾ ಚಪ್ಪಡಿಯ ಅಡಿಯಲ್ಲಿಟ್ಟು, ವೈರು ಅವುಗಳನ್ನು ತಲುಪುವ ಮೊದಲು ಒಮ್ಮೆ ಕೆಳಗೆ ಬಾಗುವಂತೆ ಬಿಟ್ಟೆ. ಮೊದಲ ಮಳೆಯಲ್ಲಿ ನೀರು ಆ ಬಾಗಿನಿಂದಲೇ ತೊಟ್ಟಿಕ್ಕಿತು, ಜೋಡಣೆ ಒಣಗಿಯೇ ಇತ್ತು.