56 ತಾಸು ದುಡಿದವರಿಗೆ ಎಕ್ಸೆಲ್ ಎಂಟೂವರೆ ತೋರಿಸಿತು

ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ನಮ್ಮಲ್ಲಿ ಹಮಾಲರಿಗೆ ಚೀಲದ ಲೆಕ್ಕ, ಬಾಯ್ಲರ್ ಮತ್ತು ಡ್ರೈಯರ್ ನೋಡಿಕೊಳ್ಳುವವರಿಗೆ ತಾಸಿನ ಲೆಕ್ಕ. ಭಾನುವಾರ ಬೆಳಿಗ್ಗೆ ಬಟವಾಡೆ. ಮೊದಲೆಲ್ಲ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೈಯಲ್ಲೇ ಕೂಡುತ್ತಿದ್ದೆ. ಆಮೇಲೆ ಅದನ್ನೇ ಎಕ್ಸೆಲ್‌ಗೆ ಹಾಕಿದೆ. ಮೊದಲ ವಾರವೇ ಬಾಯ್ಲರ್ ನೋಡುವ ಅಣ್ಣ ಚೀಟಿ ಹಿಡಿದು ವಾಪಸ್ ಬಂದರು.

"ಸರ, ವಾರಪೂರ್ತಿ ಬಂದೀನಿ. ಎಂಟೂವರಿ ತಾಸು ಅಂತ ಹಾಕೀರಲ್ರಿ?"

ಅವರ ಆ ವಾರದ ಲೆಕ್ಕ ಹೀಗಿತ್ತು. ಸೋಮವಾರ 9:30, ಮಂಗಳವಾರ 8:45, ಬುಧವಾರ 10:00, ಗುರುವಾರ 9:15, ಶುಕ್ರವಾರ 8:30, ಶನಿವಾರ 10:30. ಕೈಯಲ್ಲಿ ಕೂಡಿದರೆ 56 ತಾಸು 30 ನಿಮಿಷ. ನನ್ನ ಶೀಟಿನಲ್ಲಿ ಸೋಮವಾರದಿಂದ ಶನಿವಾರದವರೆಗೆ B ಯಿಂದ G ವರೆಗಿನ ಕಾಲಮ್, ಒಟ್ಟು H ನಲ್ಲಿ. ಸೂತ್ರ ಇಷ್ಟೇ:

```
=SUM(B2:G2)
```

ಉತ್ತರ 8:30 ಅಂತ ಬಂದಿತ್ತು. ಸೂತ್ರ ಮತ್ತೆ ಬರೆದೆ, ಅಂಕಿಗಳನ್ನು ಮತ್ತೆ ಹೊಡೆದೆ, ಅದೇ 8:30. ಆಗ ಆ ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಬಾರ್ ನೋಡಿದರೆ ಬರೀ ಸೂತ್ರ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಹಾಗಾಗಿ ಸೆಲ್ಲನ್ನು ಸುಮ್ನೆ General ಮಾಡಿ ನೋಡಿದೆ. 2.354167 ಅಂತ ಬಂತು. ಗಂಟು ಬಿಚ್ಚಿದ್ದು ಅಲ್ಲೇ.

ಎಕ್ಸೆಲ್‌ಗೆ ತಾಸು ಅನ್ನುವುದೇ ಬೇರೆಯಾಗಿ ಇಲ್ಲ. ಅದರ ಲೆಕ್ಕದಲ್ಲಿ ಒಂದು ಪೂರ್ತಿ ದಿನ ಅಂದರೆ 1. ಹನ್ನೆರಡು ತಾಸು ಅಂದರೆ 0.5. ಆರು ತಾಸು ಅಂದರೆ 0.25. 56 ತಾಸು 30 ನಿಮಿಷ ಅಂದರೆ ಎರಡು ದಿನ, ಮೇಲೆ ಎಂಟೂವರೆ ತಾಸು. ಅದೇ 2.354167. ಕೂಡಿದ್ದರಲ್ಲಿ ತಪ್ಪೇ ಇರಲಿಲ್ಲ, ತೋರಿಸಿದ್ದರಲ್ಲಿ ತಪ್ಪಿತ್ತು. ಆ ಸೆಲ್‌ಗೆ ಇದ್ದ ಫಾರ್ಮ್ಯಾಟ್ h:mm. ಅದು ಗೋಡೆ ಗಡಿಯಾರದ ಹಾಗೆ. 24 ಮುಟ್ಟಿದ ಕೂಡಲೇ ಮತ್ತೆ ಸೊನ್ನೆಯಿಂದ ಶುರು. ಎರಡು ದಿನ ಅದರೊಳಗೆ ಹಾಗೇ ಇದ್ದವು, ಕಣ್ಣಿಗೆ ಉಳಿದದ್ದು ಎಂಟೂವರೆ ಮಾತ್ರ.

ಸರಿ ಮಾಡಿದ್ದು ಹೀಗೆ. ಒಟ್ಟಿನ ಸೆಲ್‌ಗಳನ್ನು ಆಯ್ಕೆ ಮಾಡಿ Ctrl+1 ಒತ್ತಿದೆ. Number ಟ್ಯಾಬಿನಲ್ಲಿ Custom ಆರಿಸಿದೆ. Type ಅನ್ನುವ ಜಾಗದಲ್ಲಿ ಇದ್ದದ್ದನ್ನು ಅಳಿಸಿ ಇದನ್ನು ಹೊಡೆದೆ:

```
[h]:mm
```

OK ಒತ್ತಿದ ಕೂಡಲೇ 8:30 ಇದ್ದ ಕಡೆ 56:30 ಬಂತು. ಚೌಕ ಕಂಸ ಹಾಕಿದರೆ ಎಕ್ಸೆಲ್ ದಿನಗಳನ್ನೂ ತಾಸಿಗೆ ಇಳಿಸಿ ತೋರಿಸುತ್ತದೆ, 24ಕ್ಕೆ ತಿರುಗುವುದಿಲ್ಲ. ಕಂಸ ಹಾಕುವುದು ಮೊದಲಿನ, ಅಂದರೆ ದೊಡ್ಡ ಅಳತೆಗೆ ಮಾತ್ರ. ಅದರ ಮುಂದಿನ mm ನಿಮಿಷಗಳೇ, ಅದಕ್ಕೆ ಕಂಸ ಬೇಡ. ಎಲ್ಲವೂ ನಿಮಿಷದಲ್ಲೇ ಬೇಕಿದ್ದರೆ [m] ಅಂತ ಹಾಕಬಹುದು, ಆಗ ಇದೇ ಸೆಲ್ 3390 ತೋರಿಸುತ್ತದೆ. ಗೂಗಲ್ ಶೀಟ್ಸ್‌ನಲ್ಲೂ ಲಿಬ್ರೆ ಆಫೀಸ್‌ನಲ್ಲೂ ಇದೇ ಚೌಕ ಕಂಸ ನಡೆಯುತ್ತದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಪಗಾರದ ಕಾಲಮ್ ಬಾಕಿ ಇತ್ತು. ತಾಸಿಗೆ 80 ರೂಪಾಯಿ ಅಂತ ಇಟ್ಟುಕೊಳ್ಳಿ. 56:30 ಕಣ್ಣಿಗೆ ಕಾಣುತ್ತಿದೆಯಲ್ಲ ಅಂತ H2*80 ಹಾಕಿದರೆ ಬರುವುದು 188.33. ಯಾಕಂದರೆ ಕಂಸ ತೋರಿಸುವ ರೀತಿಯನ್ನು ಮಾತ್ರ ಬದಲಿಸುತ್ತದೆ. ಒಳಗಿನ ಅಂಕಿ ಆಗಲೂ 2.354167 ದಿನವೇ. ದಿನವನ್ನು ತಾಸು ಮಾಡಲು 24ರಿಂದ ಗುಣಿಸಲೇಬೇಕು:

```
=H2*24*80
```

ಈಗ 4520. ಇದು ಸರಿಯಾದ ಪಗಾರ. ಈ ಸೆಲ್ ಎಲ್ಲಾದರೂ ಸಮಯದ ರೂಪದಲ್ಲಿ ತೋರಿಸಿದರೆ ಫಾರ್ಮ್ಯಾಟನ್ನು Number ಮಾಡಿ, ಅಷ್ಟೇ ಸಾಕು.

ಮೂರ್ನಾಲ್ಕು ವಾರ ಕಳೆದ ಮೇಲೆ ಚೌಕ ಕಂಸದ ನಿಜವಾದ ಉಪಕಾರ ತಿಳಿಯಿತು. ಒಬ್ಬರ ಒಟ್ಟು 247:12 ಅಂತ ಬಂದಿತ್ತು. ಇಡೀ ವಾರಕ್ಕೆ ಇರುವುದೇ 168 ತಾಸು, ಅಲ್ವಾ? ನೋಡಿದರೆ ಶುಕ್ರವಾರದ ಸೆಲ್‌ನಲ್ಲಿ 7:12 ಕಾಣುತ್ತಿತ್ತು. ಹಾಜರಿ ಪುಸ್ತಕದಲ್ಲಿ ಇದ್ದದ್ದು ಎಂಟೂವರೆ. ನಾನು ಅವಸರದಲ್ಲಿ 8:30 ಬದಲು 8.30 ಅಂತ ಚುಕ್ಕೆ ಹಾಕಿ ಹೊಡೆದಿದ್ದೆ. ನಾವು ಕೈಯಲ್ಲಿ ಬರೆಯುವಾಗ ಚುಕ್ಕೆಯನ್ನೇ ಇಡುತ್ತೇವೆ, ಆ ರೂಢಿ ಬೆರಳಿಗೂ ಬಂದುಬಿಡುತ್ತದೆ. ಎಕ್ಸೆಲ್ ಅದನ್ನು 8.3 ದಿನ ಅಂತ ತೆಗೆದುಕೊಂಡಿತು, ಅಂದರೆ 199 ತಾಸು 12 ನಿಮಿಷ. ಆ ದಿನದ ಸೆಲ್ h:mm ಆಗಿದ್ದರಿಂದ ಬರೀ 7:12 ತೋರಿಸಿತು, ನೋಡಿದವರು ಸರಿಯಿರಬಹುದು ಅಂದುಕೊಳ್ಳುವಂತೆ. ಒಟ್ಟಿನ ಸೆಲ್‌ಗೂ ಕಂಸ ಇಲ್ಲದಿದ್ದರೆ ಆ ತಪ್ಪು ಅಲ್ಲೂ ಮುಚ್ಚಿಹೋಗುತ್ತಿತ್ತು. ಅಂದಿನಿಂದ ಒಟ್ಟಿಗೆ ಮಾತ್ರವಲ್ಲ, ದಿನದ ಸೆಲ್‌ಗಳಿಗೂ [h]:mm ಹಾಕಿದ್ದೇನೆ. ಚುಕ್ಕೆ ಬಿದ್ದರೆ ಅಲ್ಲೇ 199:12 ಅಂತ ಎದ್ದು ಕಾಣುತ್ತದೆ.

ಇದರ ಉಲ್ಟಾ ತಪ್ಪೂ ಇದೆ, ಅದನ್ನು ಕಂಸ ಹಿಡಿಯುವುದಿಲ್ಲ. ಬೇರೆಯವರು ಕಳಿಸಿದ ಫೈಲಿನಿಂದ ಕಾಪಿ ಮಾಡಿದಾಗ ಕೆಲವು ಸಮಯಗಳು ಬರೀ ಅಕ್ಷರಗಳಾಗಿ ಬರುತ್ತವೆ. SUM ಅವುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಒಟ್ಟು ಕಡಿಮೆ ಬರುತ್ತದೆ. ಗುರುತು ಸುಲಭ. ಅಲೈನ್‌ಮೆಂಟ್ ನಾವೇ ಬದಲಿಸಿರದಿದ್ದರೆ ನಿಜವಾದ ಸಮಯ ಸೆಲ್ಲಿನ ಬಲಕ್ಕೆ ಒತ್ತಿ ನಿಲ್ಲುತ್ತದೆ, ಅಕ್ಷರ ಎಡಕ್ಕೆ. ಅದಕ್ಕೇ ನಾನು ಈ ಕಾಲಮ್‌ಗಳನ್ನು ಚೆಂದಕ್ಕಾಗಿ ನಡುವಿಗೆ ತರುವುದಿಲ್ಲ.

ರಾತ್ರಿ ಪಾಳಿಯವರಿಗೆ ಬೇರೆ ಶೀಟ್ ಇಟ್ಟಿದ್ದೇನೆ. ಅಲ್ಲಿ B ನಲ್ಲಿ ಬಂದ ಸಮಯ, C ನಲ್ಲಿ ಹೋದ ಸಮಯ. ರಾತ್ರಿ 22:00ಕ್ಕೆ ಬಂದು ಬೆಳಿಗ್ಗೆ 6:00ಕ್ಕೆ ಹೋದವರಿಗೆ C ಯಿಂದ B ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಎಕ್ಸೆಲ್ ಸೆಲ್ ತುಂಬಾ ##### ತೋರಿಸುತ್ತದೆ. ಕಾಲಮ್ ಎಷ್ಟು ಅಗಲ ಮಾಡಿದರೂ ಅದು ಹೋಗುವುದಿಲ್ಲ. ಅಲ್ಲಿ ಇದು ಬೇಕು:

```
=MOD(C2-B2,1)
```

8:00 ಸರಿಯಾಗಿ ಬರುತ್ತದೆ. ಒಂದು ಮಿತಿ ನೆನಪಿರಲಿ. ಇದು 24 ತಾಸಿನ ಒಳಗಿನ ಪಾಳಿಗೆ ಮಾತ್ರ. ಬಾಯ್ಲರ್ ಕೆಟ್ಟ ದಿನ ಒಬ್ಬರು ಇಂದು ಬೆಳಿಗ್ಗೆ 6ಕ್ಕೆ ಬಂದು ನಾಳೆ ಬೆಳಿಗ್ಗೆ 8ಕ್ಕೆ ಹೋದರೆ ಈ ಸೂತ್ರ 2:00 ಅನ್ನುತ್ತದೆ, [h]:mm ಹಾಕಿದರೂ ಅಷ್ಟೇ. ಅಂಥವರಿಗೆ ಸಮಯದ ಜೊತೆ ತಾರೀಖನ್ನೂ ಬರೆದು ನೇರವಾಗಿ ಕಳೆಯುತ್ತೇನೆ, ಆಗ [h]:mm ಹಾಕಿದ ಸೆಲ್‌ನಲ್ಲಿ 26:00 ಬರುತ್ತದೆ.

ಚೀಟಿಯಲ್ಲಿ ಮಾತಿನ ಜೊತೆ ತಾಸು ಬರಬೇಕಾದರೆ ಸೆಲ್ಲಿನ ಫಾರ್ಮ್ಯಾಟ್ ಕೆಲಸಕ್ಕೆ ಬರುವುದಿಲ್ಲ. ಸುಮ್ನೆ & ಹಾಕಿ ಸೇರಿಸಿದರೆ 2.35416666666667 ಅಂತ ಉದ್ದದ ಅಂಕಿ ಬಂದು ಕೂರುತ್ತದೆ. ಕಂಸವನ್ನು ಸೂತ್ರದೊಳಗೇ ಬರೆಯಬೇಕು:

```
="ಒಟ್ಟು ತಾಸು: "&TEXT(H2,"[h]:mm")
```

ಈಗ ಚೀಟಿಯಲ್ಲಿ ಆರೂ ದಿನದ ತಾಸು ಒಂದೊಂದಾಗಿ, ಕೆಳಗೆ ಈ ಸಾಲು, ಅದರ ಕೆಳಗೆ ರೂಪಾಯಿ. ಬಾಯ್ಲರ್ ಅಣ್ಣ ಇವತ್ತಿಗೂ ಜೇಬಿನ ಪುಟ್ಟ ಪುಸ್ತಕ ತೆಗೆದು ಒಂದೊಂದು ದಿನವೂ ತಾಳೆ ನೋಡಿಯೇ ಸಹಿ ಹಾಕುತ್ತಾರೆ.