ಸಂ-ಸಾ-ತು-ಆ: ವಿಜಯನಗರದ ಅರಸರನ್ನು ಪದ್ಯದಲ್ಲಿ ಕಟ್ಟಿಡುವುದು ಹೇಗೆ?

ವಿಜಯನಗರವನ್ನು ಆಳಿದ ವಂಶಗಳು ನಾಲ್ಕೇ. ಆದರೂ ಪರೀಕ್ಷೆಯ ಹೊತ್ತಿಗೆ ಅವು ಕಲಸಿಹೋಗುತ್ತವೆ. ಮುಖ್ಯ ಕಾರಣ ಹೆಸರುಗಳ ಹೋಲಿಕೆ. ಸಾಳುವ ನರಸಿಂಹ ಒಬ್ಬ, ತುಳುವ ವೀರನರಸಿಂಹ ಇನ್ನೊಬ್ಬ, ಇವರ ನಡುವೆ ನರಸನಾಯಕ ಬೇರೆ. ಉತ್ತರಪತ್ರಿಕೆಯಲ್ಲಿ ಈ ಮೂವರೂ ಒಬ್ಬನೇ ಆಗಿಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈ ಸರಣಿಯನ್ನೇ ಹಿಡಿದು, ನೆನಪಿನ ಪದ್ಯ ಕಟ್ಟುವ ಬಗೆಯನ್ನು ನೋಡೋಣ.

ಮೊದಲು ಪಟ್ಟಿಯನ್ನು ತಿದ್ದಿಕೊಳ್ಳಿ. ತಪ್ಪು ಪಟ್ಟಿಗೆ ಪದ್ಯ ಕಟ್ಟಿದರೆ ಆ ತಪ್ಪು ಜೀವನಪೂರ್ತಿ ಉಳಿಯುತ್ತದೆ. ವಂಶಗಳ ಸಾಲಿನಲ್ಲಿ ಸಂಗಮ, ಸಾಳುವ, ತುಳುವ, ಆರವೀಡು ಬರುತ್ತವೆ. ತುಳುವರಲ್ಲಿ ವೀರನರಸಿಂಹ, ಕೃಷ್ಣದೇವರಾಯ, ಅಚ್ಯುತರಾಯ, ವೆಂಕಟ, ಸದಾಶಿವರಾಯ ಎಂಬ ಐವರು. ಪಟ್ಟವೇರಿದವರು ಮಾತ್ರ ಈ ಪಟ್ಟಿಯಲ್ಲಿರಬೇಕು. ನರಸನಾಯಕ ಸಾಳುವ ದೊರೆಯ ಹೆಸರಿನಲ್ಲಿ ರಾಜ್ಯಭಾರ ನಡೆಸಿದವನು, ಅಳಿಯ ರಾಮರಾಯ ಸದಾಶಿವನ ಹೆಸರಿನಲ್ಲಿ ನಡೆಸಿದವನು. ಅಧಿಕಾರ ಅವರ ಕೈಯಲ್ಲಿತ್ತು, ಕಿರೀಟ ಅವರ ತಲೆಯ ಮೇಲಿರಲಿಲ್ಲ. ಇಬ್ಬರನ್ನೂ ಪಟ್ಟಿಯ ಪಕ್ಕದಲ್ಲಿ ಬೇರೆಯಾಗಿ ಬರೆದಿಟ್ಟುಕೊಳ್ಳಿ, ಸಾಲಿನೊಳಗೆ ಸೇರಿಸಬೇಡಿ.

ಎರಡನೆಯ ಕೆಲಸ ಮೊದಲ ಅಕ್ಷರಗಳನ್ನು ತೆಗೆಯುವುದು: ಸಂ-ಸಾ-ತು-ಆ. ಇದನ್ನು ಕನ್ನಡದಲ್ಲಿಯೇ ಮಾಡಿ. ಇಂಗ್ಲಿಷಿನ ಮೊದಲಕ್ಷರ ತೆಗೆದರೆ ಸಂಗಮಕ್ಕೂ ಎಸ್, ಸಾಳುವಕ್ಕೂ ಎಸ್. ಯಾವುದು ಮೊದಲು ಎಂಬ ಪ್ರಶ್ನೆ ಅಲ್ಲೇ ಉಳಿಯುತ್ತದೆ. ನಮ್ಮ ಅಕ್ಷರ ತನ್ನ ಸ್ವರವನ್ನೂ ಹೊತ್ತು ತರುವುದರಿಂದ ‘ಸಂ’ ಮತ್ತು ‘ಸಾ’ ಬೇರೆಯಾಗಿ ನಿಲ್ಲುತ್ತವೆ. ಮೊಘಲರ ಮೊದಲ ಆರು ಬಾದಶಹರಿಗೂ ಇದು ಸಲ್ಲುತ್ತದೆ. ಬಾ-ಹು-ಅ-ಜ-ಶಾ-ಔ ಎಂದರೆ ಅಕ್ಬರ್ ಮತ್ತು ಔರಂಗಜೇಬ್ ಒಂದೇ ಅಕ್ಷರಕ್ಕೆ ಜಗಳವಾಡುವುದಿಲ್ಲ. ಆದರೆ ಅಕ್ಷರಮಾಲೆ ಗೊತ್ತಿರುವ ಹೆಸರನ್ನು ಹೊರಗೆಳೆಯುತ್ತದೆಯೇ ಹೊರತು ಮರೆತ ಹೆಸರನ್ನು ಹುಟ್ಟಿಸುವುದಿಲ್ಲ. ‘ಆ’ ಎಂದೊಡನೆ ‘ಆದಿಲಶಾಹಿ’ ಎಂದು ಬರೆದವರಿದ್ದಾರೆ. ಪದ್ಯ ಬೇಕಾಗುವುದು ಇದಕ್ಕಾಗಿ.

ಪದ್ಯ ಎಂದೊಡನೆ ಮಕ್ಕಳು ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕುತ್ತಾರೆ. ‘ಸಂಗಮರು ಆಳಿದರು, ಸಾಳುವರು ಬಾಳಿದರು’ ಎಂಬಂತೆ. ಕನ್ನಡದಲ್ಲಿ ಇದು ತೀರ ಅಗ್ಗದ ಪ್ರಾಸ, ಏಕೆಂದರೆ ಕ್ರಿಯಾಪದಗಳ ಕೊನೆ ಹೇಗಿದ್ದರೂ ಒಂದೇ. ಸಂಗಮರ ಜಾಗದಲ್ಲಿ ತುಳುವರನ್ನು ಕೂರಿಸಿದರೂ ಕಿವಿಗೆ ಏನೂ ತಪ್ಪೆನಿಸುವುದಿಲ್ಲ. ನಮಗೆ ಬೇಕಾದದ್ದು ತಪ್ಪಿದರೆ ಮುಗ್ಗರಿಸುವ ಪದ್ಯ.

ಅದಕ್ಕೆ ಹೆಸರುಗಳ ಮಾತ್ರೆ ಎಣಿಸಬೇಕು. ಪ್ರೌಢಶಾಲೆಯ ಛಂದಸ್ಸಿನ ಪಾಠ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ಸಂಗಮ ನಾಲ್ಕು, ಸಾಳುವ ನಾಲ್ಕು, ತುಳುವ ಮೂರು. ಮೂರು ಮತ್ತು ನಾಲ್ಕು ಸರದಿಯಲ್ಲಿ ಬರುವುದು ಭಾಮಿನಿ ಷಟ್ಪದಿಯ ನಡೆ. ಅಂದರೆ ಇತಿಹಾಸವೇ ನಮಗೆ ಭಾಮಿನಿಗೆ ಒಗ್ಗುವ ಹೆಸರುಗಳನ್ನು ಕೊಟ್ಟಿದೆ! ಷಟ್ಪದಿಯ ಅರ್ಧಭಾಗ, ಮೂರು ಸಾಲು ಸಾಕು:

ಮೊದಲು ಸಂಗಮ ಬಳಿಕ ಸಾಳುವ
ಅದರ ಬೆನ್ನಿಗೆ ತುಳುವ ರಾಯರು
ಕದನ ಸೋತಿರೆ ತಾಳಿಕೋಟೆಯಲಾರವೀಡವರು

ಎಣಿಸಿ ನೋಡಿ. ಮೊದಲು (3) ಸಂಗಮ (4) ಬಳಿಕ (3) ಸಾಳುವ (4). ಎರಡನೆಯ ಸಾಲೂ ಹಾಗೆಯೇ. ಮೂರನೆಯದು ಕದನ, ಸೋತಿರೆ, ತಾಳಿ, ಕೋಟೆಯ, ಲಾರ, ವೀಡವ ಎಂದು ಒಡೆದು, ಕೊನೆಯ ‘ರು’ ಗುರುವಾಗಿ ನಿಲ್ಲುತ್ತದೆ. ಮಿಶ್ರಛಾಪು ತಾಳ ಹಾಕುತ್ತ ಹಾಡಿ. ಸಾಳುವನ ಜಾಗದಲ್ಲಿ ಬಾಯಿತಪ್ಪಿ ‘ತುಳುವ’ ಬಂದರೆ ಒಂದು ಮಾತ್ರೆ ಕಡಿಮೆಯಾಗಿ ಕೈ ತಾಳ ತಪ್ಪುತ್ತದೆ. ತಪ್ಪನ್ನು ಹಿಡಿಯುವುದು ಈ ಎಡವು.

ಆದರೆ ಒಂದು ಸಂದು ಉಳಿದಿದೆ. ಸಂಗಮ, ಸಾಳುವ ಎರಡೂ ನಾಲ್ಕು ಮಾತ್ರೆಯವಾದ್ದರಿಂದ ಅವು ಅದಲುಬದಲಾದರೆ ತಾಳ ಎಚ್ಚರಿಸುವುದಿಲ್ಲ. ಸಮತೂಕದ ಹೆಸರುಗಳಿಗೆ ಅರ್ಥದ ಗಂಟು ಹಾಕಬೇಕು. ಹಕ್ಕಬುಕ್ಕರ ತಂದೆಯ ಹೆಸರೇ ಸಂಗಮ ಎಂಬುದು ನೆನಪಿದ್ದರೆ ಮೊದಲ ವಂಶ ಯಾವುದೆಂಬ ಅನುಮಾನ ಬರುವುದಿಲ್ಲ.

ಸಾಲುಗಳ ಎರಡನೆಯ ಅಕ್ಷರವನ್ನೂ ಗಮನಿಸಿ: ಮೊದಲು, ಅದರ, ಕದನ. ಇದು ಆದಿಪ್ರಾಸ. ಸಾಮಾನ್ಯವಾಗಿ ನೆನಪು ಕೈಕೊಡುವುದು ಸಾಲಿನ ನಡುವೆ ಅಲ್ಲ, ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ. ಆದಿಪ್ರಾಸ ಅಲ್ಲೇ ಕೈಹಿಡಿಯುತ್ತದೆ.

ಈಗ ತುಳುವ ಐವರು. ಇವರಿಗೆ ಬೇಕೆಂದೇ ಬೇರೆ ಪ್ರಾಸ ಇಟ್ಟಿದ್ದೇನೆ. ಒಂದೇ ಪ್ರಾಸವಿದ್ದರೆ ವಂಶದ ಪದ್ಯ ಹಾಡುತ್ತ ಹಾಡುತ್ತ ಅರಸರ ಪದ್ಯಕ್ಕೆ ಜಾರಿಬಿಡುತ್ತೇವೆ.

ವೀರನರಸಿಂಹಂಗೆ ಕೃಷ್ಣನು
ಧೀರ ಕೃಷ್ಣಗೆ ತಮ್ಮನಚ್ಯುತ
ಚೂರು ಕಾಲದ ದೊರೆಯು ವೆಂಕಟ ಕೊನೆ ಸದಾಶಿವನು

ಮೊದಲ ಸಾಲಿನ ಕೊನೆಯ ಹೆಸರು ಎರಡನೆಯ ಸಾಲಿನ ಆರಂಭದಲ್ಲಿ ಮರಳಿ ಬರುತ್ತದೆ. ಸರಪಣಿಯ ಕೊಂಡಿಯಂತೆ ಕೃಷ್ಣ ಇಬ್ಬರನ್ನೂ ಹಿಡಿದಿದ್ದಾನೆ. ವೀರನರಸಿಂಹ, ಕೃಷ್ಣದೇವರಾಯ, ಅಚ್ಯುತ ಮೂವರೂ ನರಸನಾಯಕನ ಮಕ್ಕಳು, ಬೇರೆ ಬೇರೆ ತಾಯಂದಿರಿಗೆ ಹುಟ್ಟಿದವರು. ವೆಂಕಟ ಅಚ್ಯುತನ ಮಗ; 1542ರಲ್ಲಿ ಪಟ್ಟಕ್ಕೆ ಬಂದು ಅದೇ ವರ್ಷ ಮರೆಯಾದ. ಅವನನ್ನು ಪದ್ಯದಲ್ಲಿ ಬಿಟ್ಟುಬಿಡುವ ಆಸೆ ಬರುತ್ತದೆ, ಬಿಡಬೇಡಿ. ಬಿಟ್ಟರೆ ಅಚ್ಯುತನಿಂದ ನೇರವಾಗಿ ಸದಾಶಿವನಿಗೆ ಹಾರಿ, ಆ ವರ್ಷದ ಗದ್ದಲವೇ ಅರ್ಥವಾಗುವುದಿಲ್ಲ.

ಇಸವಿಗಳನ್ನು ಪದ್ಯಕ್ಕೆ ತುರುಕಬೇಡಿ. ವಂಶ ಬದಲಾಗುವ ಜಾಗಕ್ಕೆ ಒಂದೊಂದು ಸಂಖ್ಯೆ ಸಾಕು: ಸಂಗಮಕ್ಕೆ 1336, ಸಾಳುವಕ್ಕೆ 1485, ತುಳುವಕ್ಕೆ 1505. ಆರವೀಡಿನ ಮುಂದೆ ಮಾತ್ರ ಎಚ್ಚರ. ಯುದ್ಧ ನಡೆದದ್ದು 1565ರಲ್ಲಿ, ರಾಮರಾಯ ಸತ್ತದ್ದೂ ಅಲ್ಲೇ. ಆದರೆ ಅವನ ತಮ್ಮ ತಿರುಮಲ ಸದಾಶಿವನನ್ನು ಕರೆದುಕೊಂಡು ಪೆನುಗೊಂಡೆಗೆ ಹೋದ. ಹೆಸರಿಗೆ ಇನ್ನೂ ತುಳುವ ದೊರೆಯೇ ಇದ್ದ. ಹೀಗಾಗಿ ಪುಸ್ತಕಗಳು ಆರವೀಡು ವಂಶವನ್ನು 1570ರ ಸುಮಾರಿನಿಂದ ಎಣಿಸುತ್ತವೆ. ನಮ್ಮ ಪದ್ಯ ಹೇಳುವುದು ಕ್ರಮವನ್ನು ಮಾತ್ರ, ಇಸವಿಯನ್ನಲ್ಲ.

ಒಂದು ವಂಶ ಮುಗಿದ ಮೇಲೆ ಇನ್ನೊಂದು ಬರುವ ಕಡೆ ಮಾತ್ರ ಈ ವಿಧಾನ ಸಲ್ಲುತ್ತದೆ. ಕದಂಬರು ಬನವಾಸಿಯಲ್ಲಿ ಆಳುತ್ತಿದ್ದಾಗಲೇ ಗಂಗರು ತಲಕಾಡಿನ ಸೀಮೆಯಲ್ಲಿದ್ದರು. ಸೇವುಣರೂ ಹೊಯ್ಸಳರೂ ಒಂದೇ ಕಾಲದ ಎದುರಾಳಿಗಳು. ಇವರನ್ನು ‘ಬಳಿಕ, ಬಳಿಕ’ ಎಂದು ಒಂದೇ ಸಾಲಿನಲ್ಲಿ ಪೋಣಿಸಿದರೆ ಪದ್ಯ ಸುಳ್ಳು ಹೇಳುತ್ತದೆ. ಅಲ್ಲಿ ಕಾಗದದ ಮೇಲೆ ಅಕ್ಕಪಕ್ಕದಲ್ಲಿ ಎರಡು ಪಟ್ಟಿ ಎಳೆಯುವುದೇ ಸರಿ.

ಕಲಿತದ್ದನ್ನು ಪರೀಕ್ಷಿಸುವಾಗ ಪದ್ಯವನ್ನು ಹಾಡಿಸಬೇಡಿ. ಹಾಡು ಮುಂದಕ್ಕೆ ಮಾತ್ರ ಓಡುತ್ತದೆ, ಎಲ್ಲರೂ ಹಾಡುತ್ತಾರೆ. ‘ಅಚ್ಯುತನಿಗೆ ಮೊದಲು ಯಾರು? ಸಾಳುವರ ಆಚೀಚೆ ಯಾರು?’ ಎಂದು ನಡುವಿನಿಂದ ಕೇಳಿ. ಉತ್ತರಿಸುವ ಮೊದಲು ಮಗು ತುಟಿ ಅಲ್ಲಾಡಿಸಿ ಮೊದಲಿನಿಂದ ಗುನುಗುತ್ತಿದ್ದರೆ ಪದ್ಯ ಬಂದಿದೆ, ಕ್ರಮ ಇನ್ನೂ ಬಂದಿಲ್ಲ. ಮರುದಿನ ಒಂದು ಸಲ, ವಾರ ಬಿಟ್ಟು ಇನ್ನೊಂದು ಸಲ ಹೀಗೆಯೇ ನಡುವಿನಿಂದ ಕೇಳಿ. ತುಟಿ ಅಲ್ಲಾಡದೆ ಉತ್ತರ ಬಂದ ದಿನ ಮುಂದಿನ ವಂಶದ ಪಟ್ಟಿ ತೆಗೆಯಬಹುದು.